ಐದು ಜನರ ಮನೆಗೆ 1000 ಲೀಟರ್ ಟ್ಯಾಂಕ್ ಸಾಕಾ, 2000 ಬೇಕಾ?

ಪ್ರಶ್ನೆ: ನಮ್ಮದು ತುಮಕೂರು, ಮನೆಯಲ್ಲಿ ಐದು ಜನ. ಕೆಳಗೆ ಸಂಪ್ ಇದೆ, ನೀರು ದಿನ ಬಿಟ್ಟು ದಿನ ಬರುತ್ತದೆ. ಮೇಲಿನ ಹಳೇ ಟ್ಯಾಂಕ್ ಎಷ್ಟು ಲೀಟರಿನದು ಅಂತ ಗೊತ್ತಿಲ್ಲ, ಬರೆದಿದ್ದು ಅಳಿಸಿಹೋಗಿದೆ. ಕರೆಂಟ್ ಹೋದ ದಿನ ಮಧ್ಯಾಹ್ನಕ್ಕೇ ಖಾಲಿ. ಒಬ್ಬರು 1000 ಸಾಕು ಅಂತಾರೆ, ಇನ್ನೊಬ್ಬರು 2000 ಹಾಕಿಸಿ ಅಂತಾರೆ. ಲೆಕ್ಕ ಹಾಕುವುದು ಹೇಗೆ?

ಉತ್ತರ:

ನೀವು ಹೇಳಿದ್ದನ್ನು ನೋಡಿದರೆ 1500 ಲೀಟರ್ ಸರಿಹೋಗುತ್ತದೆ ಅನ್ನಿಸುತ್ತದೆ. ಸಂಪ್ ಇರುವ ಮನೆಗೆ 2000 ಜಾಸ್ತಿ. ಆದರೆ ನನ್ನ ಮಾತು ನಂಬಿ ದುಡ್ಡು ಹಾಕಬೇಡಿ. ಹಳೇ ಟ್ಯಾಂಕ್ ಇನ್ನೂ ಮೇಲೆಯೇ ಇದೆಯಲ್ಲ, ಅದನ್ನು ಇಳಿಸುವ ಮುಂಚೆ ಮೀಟರ್ ತರಹ ಬಳಸಿ. ನಿಮ್ಮ ಮನೆಯ ಲೆಕ್ಕ ಅದರಲ್ಲೇ ಸಿಗುತ್ತದೆ.

ಎಲ್ಲರೂ ಹೇಳುವ ಲೆಕ್ಕ ಒಂದಿದೆ: ಒಬ್ಬರಿಗೆ ದಿನಕ್ಕೆ 135 ಲೀಟರ್. ಒಳಚರಂಡಿ ಇರುವ ನಗರಗಳ ನೀರು ಪೂರೈಕೆಗೆ ನಮ್ಮ ದೇಶದಲ್ಲಿ ಇಟ್ಟುಕೊಂಡಿರುವ ಅಳತೆ ಅದು. ಐದು ಜನಕ್ಕೆ 675 ಆಯ್ತು. ಊರಿಗೆಲ್ಲಾ ಪೈಪ್ ಹಾಕುವವರಿಗೆ ಇದು ಸರಿ. ಒಂದು ಮನೆಗೆ ಇದನ್ನೇ ಹಿಡಿದುಕೊಂಡರೆ ಎಡವಟ್ಟಾಗುತ್ತದೆ. ಬಕೆಟ್ ಸ್ನಾನದ ಮನೆಗೂ ಶವರ್ ಮನೆಗೂ ವ್ಯತ್ಯಾಸ ಇದೆ. ದಿನಾ ಅಂಗಳ ತೊಳೆಯುವವರಿದ್ದಾರೆ, ಗಿಡಕ್ಕೆ ಪೈಪ್ ಹಿಡಿಯುವವರಿದ್ದಾರೆ. ಅದಕ್ಕೇ ಅಳೆಯಿರಿ ಅನ್ನೋದು.

ಮೊದಲು ಬೇಕಾಗಿರುವುದು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ನೀರು ಅಂದರೆ ಎಷ್ಟು ಲೀಟರ್ ಅನ್ನುವುದು. ದುಂಡಗಿನ ಟ್ಯಾಂಕಿನ ಅಡ್ಡಗಲ ನೇರವಾಗಿ ಅಳೆಯುವುದು ಕಷ್ಟ. ಮುಚ್ಚಳದ ಬಾಯಿ ಚಿಕ್ಕದು, ಟೇಪ್ ಒಳಗೆ ನೇರ ನಿಲ್ಲುವುದಿಲ್ಲ. ಹೊರಗಿನಿಂದ ಒಂದು ದಾರ ಸುತ್ತಿ, ದಾರವನ್ನು ಟೇಪಿನಲ್ಲಿ ಅಳೆಯಿರಿ. ಪ್ಲಾಸ್ಟಿಕ್ ಟ್ಯಾಂಕಿಗೆ ಸುತ್ತಲೂ ಉಬ್ಬು ಪಟ್ಟಿಗಳು ಇರುತ್ತವಲ್ಲ, ಅವುಗಳ ಮೇಲೆ ಬೇಡ. ಎರಡು ಪಟ್ಟಿಗಳ ನಡುವೆ ಸುತ್ತಿ.

ಇತ್ತೀಚೆಗೆ ಪರಿಚಯದವರ ಮನೆಯಲ್ಲಿ ಹೀಗೆ ಅಳೆದೆವು. ಅವರದೂ ಐದೇ ಜನ, ಸಂಪ್ ಇದೆ, ಟ್ಯಾಂಕ್ ಮೇಲೆ 1000 ಅಂತ ಬರೆದಿತ್ತು. ದಾರ 343 ಸೆಂ.ಮೀ. ಬಂತು. ಅದನ್ನು 3.14ರಿಂದ ಭಾಗಿಸಿದರೆ ಅಡ್ಡಗಲ ಸುಮಾರು 109. ಗೋಡೆಯ ದಪ್ಪ ಎರಡೂ ಕಡೆ ಸೇರಿ ಒಂದು ಸೆಂ.ಮೀ. ಕಳೆದರೆ ಒಳಗೆ 108. ಅದರ ಅರ್ಧ, ಅಂದರೆ r, 54. ಇನ್ನು ಶಾಲೆಯಲ್ಲಿ ಕಲಿತ ಸೂತ್ರ:

```
V = π × r² × h
3.14 × 54 × 54 × 1 = 9156 ಘನ ಸೆಂ.ಮೀ. ≈ 9.2 ಲೀಟರ್
```

ಎತ್ತರ h ಜಾಗದಲ್ಲಿ ಬೇಕಂತಲೇ 1 ಹಾಕಿದ್ದೇನೆ. 1000 ಘನ ಸೆಂಟಿಮೀಟರ್ ಅಂದರೆ ಒಂದು ಲೀಟರ್. ಹಾಗಾಗಿ ಆ ಟ್ಯಾಂಕಿನಲ್ಲಿ ನೀರು ಒಂದು ಸೆಂ.ಮೀ. ಇಳಿದರೆ 9.2 ಲೀಟರ್ ಖರ್ಚಾಗಿದೆ ಅಂತ. ಈ ಒಂದು ಸಂಖ್ಯೆಯನ್ನು ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ಬರೆದಿಡಿ, ಆಮೇಲೆ ಎಲ್ಲಾ ಸುಲಭ. ದಾರ ಅಳೆಯುವಾಗ ಮಾತ್ರ ಹುಷಾರು. ಅಡ್ಡಗಲ ವರ್ಗವಾಗುವುದರಿಂದ ಅಲ್ಲಿ ಆದ ಸಣ್ಣ ತಪ್ಪು ಲೀಟರಿನಲ್ಲಿ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. 108ರ ಬದಲು 113 ಅಂದುಕೊಂಡರೆ ಸುಮಾರು ನೂರಕ್ಕೆ ಒಂಬತ್ತು ಲೀಟರ್ ಜಾಸ್ತಿ ತೋರಿಸುತ್ತದೆ.

ಈಗ ಖರ್ಚು. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಟ್ಯಾಂಕ್ ತುಂಬಿಸಿ, ಮೋಟಾರ್ ಆಫ್ ಮಾಡಿ. ಒಣಗಿದ, ಶುಭ್ರವಾದ ಪಿವಿಸಿ ಪೈಪಿನ ತುಂಡೊಂದನ್ನು ತಳ ಮುಟ್ಟುವ ತನಕ ನೇರವಾಗಿ ಇಳಿಸಿ, ಎಲ್ಲಿವರೆಗೆ ಒದ್ದೆಯಾಗಿದೆ ನೋಡಿ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ನೋಡಿ. ನಡುವೆ ಮೋಟಾರ್ ಹಾಕಬಾರದು. ಹಾಕಲೇಬೇಕಾಗಿ ಬಂದರೆ ಹಾಕುವ ಮುಂಚೆ ಒಂದು ಸಲ, ನಿಲ್ಲಿಸಿದ ಮೇಲೆ ಒಂದು ಸಲ ಅಳತೆ ಬರೆದುಕೊಳ್ಳಿ.

ಆ ಮನೆಯಲ್ಲಿ ತುಂಬಿದಾಗ 101 ಸೆಂ.ಮೀ. ಇತ್ತು. ಮಾಮೂಲಿ ದಿನ ಮಾರನೆಯ ಬೆಳಿಗ್ಗೆ 34. ಇಳಿದದ್ದು 67, ಅಂದರೆ ಸುಮಾರು 616 ಲೀಟರ್. ಬಟ್ಟೆ ಒಗೆದ ದಿನ 101ರಿಂದ 18ಕ್ಕೆ ಬಂತು. 83 ಸೆಂ.ಮೀ., ಸುಮಾರು 764 ಲೀಟರ್. ಟ್ಯಾಂಕ್ ಆರಿಸುವಾಗ ದೊಡ್ಡದನ್ನೇ ಹಿಡಿಯಿರಿ, ಸರಾಸರಿ ಬೇಡ. ಸರಾಸರಿಗೆ ತಕ್ಕಂತೆ ಟ್ಯಾಂಕ್ ತಂದರೆ ಬಟ್ಟೆ ಒಗೆಯುವ ದಿನವೇ ಕೈಕೊಡುತ್ತದೆ.

ಇದೇ ಪೈಪಿನಲ್ಲಿ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ರಾತ್ರಿ 11ಕ್ಕೆ ಮತ್ತು ಬೆಳಿಗ್ಗೆ 5ಕ್ಕೆ ಅಳೆಯಿರಿ. ನಡುವೆ ಯಾರೂ ನೀರು ಬಳಸಿರಬಾರದು. ಎರಡು ಸೆಂ.ಮೀ. ಇಳಿದಿದ್ದರೆ ಆರು ಗಂಟೆಗೆ 18 ಲೀಟರ್, ದಿನಕ್ಕೆ 70ರ ಮೇಲೆ ಸುಮ್ನೆ ಸೋರಿಹೋಗುತ್ತಿದೆ. ಹೆಚ್ಚಾಗಿ ಅದು ಫ್ಲಶ್ ಟ್ಯಾಂಕಿನೊಳಗಿನ ರಬ್ಬರ್ ವಾಷರ್. ಕಮೋಡಿನ ಒಳಗೋಡೆಗೆ ಒಣ ಟಿಶ್ಯೂ ಪೇಪರ್ ಅಂಟಿಸಿ ನೋಡಿ, ಒದ್ದೆಯಾದರೆ ಅದೇ. ಅದನ್ನು ಸರಿಮಾಡಿಸಿದ ಮೇಲೆ ದಿನದ ಖರ್ಚು ಮತ್ತೊಮ್ಮೆ ಅಳೆಯಿರಿ. ಸೋರುವ ನೀರಿಗೂ ಸೇರಿಸಿ ದೊಡ್ಡ ಟ್ಯಾಂಕ್ ತರುವುದು ಯಾಕೆ, ಅಲ್ವಾ?

ದಿನದ ಖರ್ಚು ಸಿಕ್ಕಿತು. ಎಷ್ಟು ದಿನಕ್ಕೆ ಬೇಕು? ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ನಿಮಗೆ ನೀರು ದಿನ ಬಿಟ್ಟು ದಿನ ಬರುತ್ತದೆ ನಿಜ, ಆದರೆ ಆ ಎರಡು ದಿನದ ನೀರು ಹಿಡಿದಿಡುವ ಕೆಲಸ ಸಂಪಿನದು. ಮೇಲಿನ ಟ್ಯಾಂಕಿಗೆ ಇರುವ ಕೆಲಸ ಒಂದು ಸಲ ಮೋಟಾರ್ ಹಾಕಿದ ಮೇಲೆ ಮತ್ತೆ ಹಾಕುವ ತನಕ ತಡೆಯುವುದು. ಬೆಳಿಗ್ಗೆ ಒಮ್ಮೆ ತುಂಬಿಸುತ್ತೀರಿ ಅಂದುಕೊಳ್ಳಿ. ಮರುದಿನ ಬೆಳಿಗ್ಗೆ ಕರೆಂಟ್ ಇಲ್ಲ, ಸಂಜೆ ಬಂತು. ಒಂದೂವರೆ ದಿನ ತಡೆದರೆ ಆಯ್ತು. 764ರ ಒಂದೂವರೆ ಪಟ್ಟು 1146 ಲೀಟರ್.

ಹಾಗಂತ 1146ಕ್ಕೆ 1200 ತಂದರೆ ಸಾಲುವುದಿಲ್ಲ. ಟ್ಯಾಂಕ್ ಮೇಲೆ ಬರೆದ ಲೀಟರ್ ಅಷ್ಟೂ ನಲ್ಲಿಗೆ ಬರುವುದಿಲ್ಲ. ನೀರು ಹೊರಹೋಗುವ ಪೈಪ್ ತಳಕ್ಕಿಂತ ಸ್ವಲ್ಪ ಮೇಲಿರುತ್ತದೆ, ಕೆಸರು ಕೆಳಗೇ ಉಳಿಯಲಿ ಅಂತ. ಮೇಲೆ ಬಾಲ್ ವಾಲ್ವ್ ಅಂಚಿಗಿಂತ ಮುಂಚೆಯೇ ನೀರು ನಿಲ್ಲಿಸುತ್ತದೆ. ಆ ಮನೆಯಲ್ಲಿ ಹೊರಪೈಪ್ 8 ಸೆಂ.ಮೀ. ಎತ್ತರದಲ್ಲಿತ್ತು. 101ರಲ್ಲಿ 8 ಕಳೆದರೆ 93, ಅದನ್ನು 9.2ರಿಂದ ಗುಣಿಸಿದರೆ 856. 1000 ಲೀಟರ್ ಟ್ಯಾಂಕಿನಲ್ಲಿ ಕೈಗೆ ಸಿಗುವುದು 856! ಬಟ್ಟೆ ಒಗೆದ ದಿನ ಕಳೆದ ಮೇಲೆ ಉಳಿಯುವುದು 92 ಲೀಟರ್. ಮರುದಿನ ಬೆಳಿಗ್ಗೆ ಕರೆಂಟ್ ಹೋದರೆ ಇಬ್ಬರ ಸ್ನಾನಕ್ಕೇ ಮುಗಿಯಿತು. ನಿಮ್ಮ ಮನೆಯಲ್ಲೂ ಹೀಗೇ ಆಗುತ್ತಿರಬಹುದು.

ನೂರಕ್ಕೆ 85ರಷ್ಟು ಸಿಗುತ್ತದೆ ಅಂತ ಹಿಡಿದರೆ 1146ನ್ನು 0.85ರಿಂದ ಭಾಗಿಸಬೇಕು. 1348 ಬರುತ್ತದೆ. ಅಂಗಡಿಯಲ್ಲಿ ಅದಕ್ಕೆ ಮೇಲಿನ ಸೈಜು 1500. ನಾನು ಮೊದಲೇ 1500 ಅಂದದ್ದು ಈ ಲೆಕ್ಕದ ಮೇಲೆ. ಸಂಪೇ ಇಲ್ಲದೆ ಬೀದಿ ನೀರು ನೇರವಾಗಿ ಮೇಲೇರುವ ಮನೆಯಾಗಿದ್ದರೆ ಎರಡು ದಿನಕ್ಕೆ 1528, ಅದನ್ನು 0.85ರಿಂದ ಭಾಗಿಸಿದರೆ ಸುಮಾರು 1800. ಆಗ 2000 ಅಂದವರ ಮಾತು ಸರಿ.

ಒಂದು ಷರತ್ತು ಇದೆ. ಒಂದೂವರೆ ದಿನದ ಲೆಕ್ಕ ನಡೆಯುವುದು ದಿನಾ ಬೆಳಿಗ್ಗೆ ತುಂಬಿಸಿದರೆ ಮಾತ್ರ. ನಲ್ಲಿಯಲ್ಲಿ ಗಾಳಿ ಬಂದ ಮೇಲೆ ಮೋಟಾರ್ ಹಾಕುವ ಅಭ್ಯಾಸ ಇದ್ದರೆ 2000 ಇದ್ದರೂ ಒಂದು ದಿನ ಖಾಲಿ ಟ್ಯಾಂಕಿನ ಜೊತೆ ಕರೆಂಟ್ ಹೋಗಿಯೇ ಹೋಗುತ್ತದೆ. ಸೆನ್ಸರ್ ಹಾಕಿಸಿ ತಾನೇ ಆನ್ ಆಗುವಂತೆ ಮಾಡುವುದಾದರೆ ಕೆಳಗಿನ ಸೆನ್ಸರನ್ನು ತಳದಲ್ಲಿ ಬಿಡಬೇಡಿ, ಅರ್ಧದ ಹತ್ತಿರ ಇಡಿಸಿ.

ಇನ್ನು ಆಕಾರ ಮತ್ತು ಭಾರ. ಒಂದು ಲೀಟರ್ ನೀರು ಒಂದು ಕೆಜಿ. 1500 ಲೀಟರ್ ತುಂಬಿದರೆ ಒಂದೂವರೆ ಟನ್. 130 ಸೆಂ.ಮೀ. ಅಡ್ಡಗಲದ ಟ್ಯಾಂಕ್ ಆದರೆ ಸೆಂ.ಮೀ.ಗೆ 13.3 ಲೀಟರ್, 113 ಸೆಂ.ಮೀ. ನೀರು ನಿಲ್ಲುತ್ತದೆ. ಅಂದರೆ ಪ್ರತಿ ಚದರ ಮೀಟರಿಗೆ 1130 ಕೆಜಿ. ಜನ ಓಡಾಡುವ ತಾರಸಿಯನ್ನು ಲೆಕ್ಕ ಹಾಕುವಾಗ ಇಂಜಿನಿಯರುಗಳು ಇಟ್ಟುಕೊಳ್ಳುವ ಓಡಾಟದ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. ಹೋಲಿಸಿ ನೋಡಿ. ಅದಕ್ಕೇ ಟ್ಯಾಂಕನ್ನು ತಾರಸಿಯ ನಡುಮಧ್ಯ ಇಡಬಾರದು. ಕೆಳಗೆ ಪಿಲ್ಲರ್, ಬೀಮ್ ಇರುವ ಕಡೆ, ಅವುಗಳ ಮೇಲೇ ಗೋಡೆ ಎಬ್ಬಿಸಿ, ಮೇಲೆ ಚಪ್ಪಡಿ ಹಾಕಿ ಇಡಿಸಿ. ಪ್ಲಾಸ್ಟಿಕ್ ಟ್ಯಾಂಕಿನ ತಳ ಪೂರ್ತಿ ಚಪ್ಪಡಿಗೆ ಕೂರಬೇಕು. ಅಂಚು ಹೊರಗೆ ಚಾಚಿಕೊಂಡರೆ ಅಲ್ಲೇ ಬಿರುಕು ಬಿಡುತ್ತದೆ. ಹಳೇ ಟ್ಯಾಂಕಿನ ಚಪ್ಪಡಿ 110 ಅಗಲ ಇದ್ದರೆ 130ರ ಟ್ಯಾಂಕ್ ಅದರ ಮೇಲೆ ಹಿಡಿಸುವುದಿಲ್ಲ, ತರುವ ಮುಂಚೆ ನೋಡಿಕೊಳ್ಳಿ. ಹಳೇ ಮನೆಯಾದರೆ ಭಾರದ ವಿಷಯ ಒಬ್ಬ ಇಂಜಿನಿಯರಿಗೆ ತೋರಿಸಿಬಿಡಿ.

ಹಳೇ ಟ್ಯಾಂಕ್ ಬಿರುಕು ಬಿಟ್ಟಿಲ್ಲದಿದ್ದರೆ, ಅಳೆದಾಗ 1000ದ ಹತ್ತಿರ ಬಂದರೆ, ಅದನ್ನು ಬಿಸಾಡಬೇಡಿ. ಪಕ್ಕದಲ್ಲಿ 500ರದ್ದೊಂದು ಇಟ್ಟು ಕೆಳಗಿನಿಂದ ಜೋಡಿಸಿ. ನಾನಾದರೆ ಹೀಗೇ ಮಾಡುತ್ತಿದ್ದೆ. ಒಂದನ್ನು ತೊಳೆಯುವಾಗ ಇನ್ನೊಂದರಲ್ಲಿ ನೀರು ಇರುತ್ತದೆ, ಎರಡಕ್ಕೂ ಬೇರೆ ಬೇರೆ ಗೇಟ್ ವಾಲ್ವ್ ಇದ್ದರೆ ಸಾಕು. ಪ್ಲಂಬರ್ ಎರಡರ ತಳವನ್ನೂ ಒಂದೇ ಮಟ್ಟಕ್ಕೆ ಇಡಲು ಹೋಗುತ್ತಾರೆ, ಅಲ್ಲಿ ತಡೆಯಿರಿ. ಜೋಡಿಸಿದ ಟ್ಯಾಂಕುಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಸಣ್ಣದು 75 ಸೆಂ.ಮೀ.ಗೆ ತುಂಬಿ ಹೊರಚೆಲ್ಲುವಂಥದ್ದಾದರೆ ದೊಡ್ಡದರಲ್ಲೂ 75ರ ಮೇಲೆ ನೀರು ಏರುವುದಿಲ್ಲ. 101ರ ತನಕ ತುಂಬುತ್ತಿದ್ದ ಟ್ಯಾಂಕಿನಲ್ಲಿ 26 ಸೆಂ.ಮೀ. ಹೋಯಿತು, ಅಂದರೆ 239 ಲೀಟರ್. ಹೊಸದಾಗಿ ತಂದ 500ರಲ್ಲಿ ಹತ್ತಿರ ಹತ್ತಿರ ಅರ್ಧ ದಂಡ. ಸಣ್ಣದರ ಕೆಳಗೆ ಬ್ಲಾಕ್ ಕೊಟ್ಟು 26 ಸೆಂ.ಮೀ. ಎತ್ತರಿಸಿ, ತುಂಬಿದ ಗೆರೆ ಎರಡರಲ್ಲೂ ಒಂದೇ ಮಟ್ಟಕ್ಕೆ ಬರಲಿ.