ಜೆನೆರಿಕ್ ಔಷಧಿ ಅಂಗಡಿಗೆ ಎಂಥ ಹೆಸರು?

"ಜೆನೆರಿಕ್ ಮೆಡಿಕಲ್ಸ್ ತೆರೀತಿದ್ದೀನಿ. 'ಅಗ್ಗದ ಮೆಡಿಕಲ್ಸ್' ಅಂತ ಇಟ್ಟರೆ ಕಳಪೆ ಅನ್ಕೊಳ್ತಾರಾ?"

ಖಂಡಿತ ಅಂದುಕೊಳ್ಳುತ್ತಾರೆ. ಬಟ್ಟೆಗೆ 'ಅಗ್ಗ' ನಡೆಯುತ್ತದೆ, ಮಾತ್ರೆಗೆ ನಡೆಯುವುದಿಲ್ಲ. ಗುಣವಾಗುತ್ತೋ ಇಲ್ಲವೋ ಎಂಬ ಅನುಮಾನ ಮೊದಲು ಬರುತ್ತದೆ. 'ನ್ಯಾಯಬೆಲೆ' ಅಂದರೆ ರೇಷನ್ ಅಂಗಡಿ ನೆನಪಾಗುತ್ತದೆ, ಅದೂ ಬೇಡ.

ಹೆಸರು ನಂಬಿಕೆ ಹೇಳಲಿ, ಅಡಿಬರಹ ಬೆಲೆ ಹೇಳಲಿ. ಉದಾಹರಣೆಗೆ ದೊಡ್ಡದಾಗಿ 'ಹಿತಮಿತ ಫಾರ್ಮಸಿ', ಕೆಳಗೆ 'ಜೆನೆರಿಕ್ ಔಷಧಿ: ಅದೇ ಔಷಧಾಂಶ, ಕಡಿಮೆ ಬೆಲೆ'. ಆರೋಗ್ಯದ 'ಹಿತ', ಖರ್ಚಿನ 'ಮಿತ' ಎರಡೂ ಗೌರವದ ಮಾತೇ. ಬೋರ್ಡಿನ ಮೇಲೆ ಶೇಕಡಾವಾರು ರಿಯಾಯಿತಿ ಬರೆಯಬೇಡಿ. ಉಳಿತಾಯ ಒಂದೊಂದು ಔಷಧಿಗೆ ಒಂದೊಂದು ಥರ. ಬಿಲ್ ತಾಳೆಯಾಗದಿದ್ದರೆ ಹೆಸರೇ ಕೆಡುತ್ತದೆ.

ಅಪರಿಚಿತರಿಗೆ ಬರೀ ಹೆಸರು ಹೇಳಿ ನೋಡಿ. "ಅಲ್ಲಿ ಔಷಧಿ ಚೆನ್ನಾಗಿರುತ್ತಾ?" ಅಂತ ಕೇಳಿದರೆ ಹೆಸರು ಬದಲಿಸಿ. ಬೋರ್ಡ್ ಮಾಡಿಸುವ ಮುನ್ನ ಆ ಹೆಸರು ಬೇರೆಯವರದ್ದಾಗಿದೆಯೇ ಎಂದು ಟ್ರೇಡ್‌ಮಾರ್ಕ್‌ನ ಔಷಧಿಗಳ ವರ್ಗ 5 ಮತ್ತು ವ್ಯಾಪಾರ ಸೇವೆಗಳ ವರ್ಗ 35ರಲ್ಲಿ ಹುಡುಕಿ.