ಪಿಡಿಎಫ್ ಟೇಬಲ್ಲು ಬ್ಲೂಬುಕ್ ಟೆಸ್ಟಿಗೆ ಹೊಂದಲ್ಲ

"ಮಗಳು ಬ್ಲೂಬುಕ್‌ನಲ್ಲಿ ಎರಡು ಎಸ್‌ಎಟಿ ಪ್ರಾಕ್ಟೀಸ್ ಟೆಸ್ಟ್ ಬರೆದ್ಲು. ಮ್ಯಾಥ್ಸ್‌ನಲ್ಲಿ ಮೊದಲನೇದು 44ಕ್ಕೆ 33 ಸರಿ, ಎರಡನೇದು 30. ಆದ್ರೆ 30 ಬಂದಿದ್ದಕ್ಕೇ ಸ್ಕೋರ್ ಜಾಸ್ತಿ ತೋರಿಸ್ತಿದೆ! ಪಿಡಿಎಫ್ ಟೇಬಲ್‌ನಲ್ಲಿ ಹುಡುಕಿದ್ರೆ ಇನ್ನೇನೋ ಬರತ್ತೆ. ಆ್ಯಪ್ ತಪ್ಪಾ?"

ಮೇಡಂ, ಬ್ಲೂಬುಕ್ ಆ್ಯಪ್ ಸರಿ ಇದೆ, ಮೊದ್ಲು ಆ ಪಿಡಿಎಫ್ ಮುಚ್ಚಿ. ನಾನೂ ಇದೇ ಹಳ್ಳಕ್ಕೆ ಬಿದ್ದವನು. ಎಷ್ಟು ಸರಿಗೆ ಎಷ್ಟು ಸ್ಕೋರ್ ಅಂತ ಹೇಳೋ ಆ ಟೇಬಲ್ಲು ಪೇಪರ್ ಮೇಲೆ ಬರೆಯೋ ಟೆಸ್ಟಿಗೆ, ಅದ್ರಲ್ಲಿ ಮ್ಯಾಥ್ಸ್ 54 ಪ್ರಶ್ನೆ, ಎಲ್ರಿಗೂ ಒಂದೇ ಪೇಪರ್ರು. ಬ್ಲೂಬುಕ್‌ನಲ್ಲಿ 44, 22ರ ಎರಡು ಭಾಗ, ಅಂದ್ರೆ ಮಾಡ್ಯೂಲು, ಅದೂ ಎರಡನೇ ಮಾಡ್ಯೂಲ್ ಮಗಳು ಮೊದಲನೇದ್ರಲ್ಲಿ ಹೆಂಗೆ ಮಾಡಿದ್ಲು ಅನ್ನೋದ್ರ ಮೇಲೆ ಸುಲಭದ್ದೋ ಕಷ್ಟದ್ದೋ ಬರತ್ತೆ. ಎರಡಕ್ಕೂ ಟೆಸ್ಟ್ ನಂಬರ್ ಒಂದೇ ಇದೆ ಅಂತ ನಾನೂ ಮೋಸ ಹೋಗಿದ್ದೆ.

ನನ್ನ ಮಗನ ಸಮಯದಲ್ಲಿ ನಾನು ಒಂದು ಎಕ್ಸೆಲ್ ಶೀಟ್ ಮಾಡಿದ್ದೆ, 44ನ 54ಕ್ಕೆ ಹಿಗ್ಗಿಸಿ ಟೇಬಲ್‌ನಲ್ಲಿ ಹುಡುಕೋ ಫಾರ್ಮುಲಾ ಹಾಕಿ, ಕಲರ್ ಬೇರೆ ಕೊಟ್ಟು, ಆಫೀಸಲ್ಲಿ ಎಲ್ರಿಗೂ ತೋರ್ಸಿದ್ದೆ. ಅವನಿಗೆ ಸುಲಭದ ಮಾಡ್ಯೂಲ್ ಬಂದಿತ್ತು, ಪಟಪಟ ಅಂತ ಸರಿ ಮಾಡ್ದ, ಶೀಟು ಆಕಾಶಕ್ಕೆ ಹೋಯ್ತು, ಮನೇಲಿ ಜಾಮೂನ್ ಆಯ್ತು. ನಿಜವಾದ ರಿಸಲ್ಟ್ ಬಂದ ದಿನ ಯಾರೂ ಮಾತಾಡ್ಲಿಲ್ಲ. ಕೋಚಿಂಗ್‌ನವರು ಕೊಟ್ಟ ಜೆರಾಕ್ಸ್ ಟೇಬಲ್ ಇನ್ನೂ ಹಳೇದು, 58 ಪ್ರಶ್ನೆ ಕಾಲದ್ದು, ಹೆಸರು ಹೇಳಲ್ಲ ಬಿಡಿ.

ಈಗ ಲೆಕ್ಕ. 44ರಲ್ಲಿ ಪ್ರತಿ ಮಾಡ್ಯೂಲಿಗೆ 20 ಮಾತ್ರ ಸ್ಕೋರಿಗೆ, ಉಳಿದ 2 ಟ್ರಯಲ್ ಪ್ರಶ್ನೆ, ಯಾವ್ದು ಅಂತ ಹೇಳಲ್ಲ. ಎರಡನೇ ಮಾಡ್ಯೂಲ್ ಒಂದನ್ನೇ ತಗೊಳ್ಳಿ. ಸುಲಭದ್ದಕ್ಕೆ ಕಷ್ಟದ ಮಟ್ಟ -1, ಕಷ್ಟದ್ದಕ್ಕೆ +1 ಅಂತ ಇಟ್ಕೊಳ್ಳಿ (ನಾನು ಹಾಕಿದ ನಂಬರ್, ಟೆಸ್ಟ್ ನಡೆಸೋರದ್ದಲ್ಲ). ಸುಲಭದ್ದರಲ್ಲಿ 20ಕ್ಕೆ 15 ಮಾಡಿದ ಮಗುವಿನ ಮಟ್ಟ LN(15/5)-1, ಅಂದ್ರೆ ಸುಮಾರು 0.1 ಆಗತ್ತೆ. ಅದೇ ಮಗು ಕಷ್ಟದ್ದು ಬರೆದಿದ್ರೆ ಎಷ್ಟು ಸರಿ ಮಾಡ್ತಿತ್ತು? ಎಕ್ಸೆಲ್‌ಗೆ ಹಾಕಿ ನೋಡಿ:

```
=20/(1+EXP(1-0.1))
```

5.78 ಬರತ್ತೆ, ಅಂದ್ರೆ ಹತ್ತತ್ರ 6. ಮಗು ಅದೇ, ಒಂದು ಕಡೆ 75%, ಇನ್ನೊಂದು ಕಡೆ 30%ಕ್ಕೂ ಕಮ್ಮಿ. ಕಷ್ಟದ್ದರಲ್ಲಿ 10 ಮಾಡಿದವಳ ಮಟ್ಟ 1, ಸುಲಭದ್ದರಲ್ಲಿ 15 ಮಾಡಿದವಳಿಗಿಂತ ಎಷ್ಟೋ ಮೇಲೆ. ನಿಮ್ಮ 30 ಮತ್ತು 33ರ ಕಥೆ ಹೆಚ್ಚೂಕಮ್ಮಿ ಇದೇ ಇರಬೇಕು. ಎರಡೂ ಟೆಸ್ಟಿನ ಎರಡನೇ ಮಾಡ್ಯೂಲನ್ನ ಪಕ್ಕಪಕ್ಕ ಇಟ್ಟು ನೋಡಿ, 30 ಬಂದಿದ್ದು ಕಷ್ಟ ಕಾಣಿಸ್ಬೇಕು.

ಆದ್ರೆ ಇದನ್ನೇ ಇಟ್ಕೊಂಡು ನನ್ನ ಥರ ಶೀಟ್ ಮಾಡೋಕೆ ಹೋಗ್ಬೇಡಿ ದಯವಿಟ್ಟು. ನಾಲ್ಕು ಆಪ್ಷನ್ ಇದ್ರೆ ಕಣ್ಮುಚ್ಚಿ ಟಿಕ್ ಮಾಡಿದ್ರೂ 20ಕ್ಕೆ 5 ಬೀಳತ್ತೆ, ಹಂಗಾಗಿ ಆ 6ರಲ್ಲಿ ಗೊತ್ತಿದ್ದು ಎಷ್ಟು, ಅದೃಷ್ಟ ಎಷ್ಟು? ಮೇಲಿನ ಫಾರ್ಮುಲಾಕ್ಕೆ ಅದು ಗೊತ್ತಾಗಲ್ಲ, ಅದಕ್ಕೇ ಗೆಸ್ಸಿಂಗ್‌ಗೆ ಅಂತಾನೇ ಇನ್ನೊಂದು ಸಂಖ್ಯೆ ಸೇರಿಸೋ ಮಾಡೆಲ್ ಇರೋದು. ಇಲ್ಲಿ ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ಹೇಳೋದು ಸರಿ, ಅಂಥ ಮಾಡೆಲ್‌ನಲ್ಲಿ ಒಂದೇ ಮಾಡ್ಯೂಲಲ್ಲಿ ಒಂದೇ ಸಂಖ್ಯೆ ಸರಿ ಮಾಡಿದ ಇಬ್ಬರಿಗೂ ಬೇರೆ ಸ್ಕೋರ್ ಬರಬಹುದು, ಸುಲಭದ್ದು ತಪ್ಪಿಸಿ ಕಷ್ಟದ್ದು ಸರಿ ಮಾಡಿದ್ರೆ ಅದು ಗೆಸ್ ಇರ್ಬಹುದು ಅಂತ ಮಾಡೆಲ್ ಅನುಮಾನ ಪಡತ್ತೆ. ಅದ್ರಿಂದ ಎಷ್ಟು ಪಾಯಿಂಟ್ ವ್ಯತ್ಯಾಸ ಆಗತ್ತೆ ಅನ್ನೋದ್ರಲ್ಲಿ ನಂಗೂ ಮೇಷ್ಟ್ರಿಗೂ ಜಗಳ ಇನ್ನೂ ಮುಗಿದಿಲ್ಲ.

"ಜೆಇಇ ನಾರ್ಮಲೈಸೇಷನ್ ಥರಾನೇ" ಅಂದ ಸರ್, ಅರ್ಧ ಸರಿ. ಪೇಪರ್ ಕಷ್ಟ-ಸುಲಭಕ್ಕೆ ಹೊಂದಿಸೋ ಉದ್ದೇಶ ಒಂದೇ. ಆದ್ರೆ ಜೆಇಇ ಮೇನ್‌ನಲ್ಲಿ ನಿಮ್ಮ ಶಿಫ್ಟಲ್ಲಿ ಬರೆದ ಬೇರೆ ಮಕ್ಕಳ ಜೊತೆ ಹೋಲಿಸಿ ಪರ್ಸೆಂಟೈಲ್ ಕೊಡ್ತಾರೆ. ಇಲ್ಲಿ ಪ್ರಶ್ನೆಗಳ ಕಷ್ಟ ಮೊದ್ಲೇ ಅಳೆದಿಟ್ಟಿರ್ತಾರೆ, ಆ 2 ಟ್ರಯಲ್ ಪ್ರಶ್ನೆ ಇರೋದೇ ಅದಕ್ಕೆ. ಅವತ್ತು ಪಕ್ಕದಲ್ಲಿ ಯಾರು ಕೂತಿದ್ರೂ ಲೆಕ್ಕಕ್ಕಿಲ್ಲ. ನೀಟ್‌ಗೆ ಯಾವ ಟೇಬಲ್ ಅಂತ ಕೇಳಿದ ಅಕ್ಕ, ಅಲ್ಲಿ ಹಾಕಿದ ಮಾರ್ಕ್ಸೇ ಮಾರ್ಕ್ಸು, ಟೇಬಲ್ಲೇ ಇಲ್ಲ.

ಹಳೇ ಪೇಪರ್ ಎಸ್‌ಎಟಿಲೂ ಪರ್ಸೆಂಟ್ ನಡೀತಿರ್ಲಿಲ್ಲ, ಪ್ರತಿ ಪೇಪರಿಗೂ ಬೇರೆ ಟೇಬಲ್. 2018 ಜೂನ್‌ನಲ್ಲಿ ಪೇಪರ್ ಸುಲಭ ಆಗಿ, ಮೊದಲಿಗಿಂತ ಕಮ್ಮಿ ತಪ್ಪು ಮಾಡಿದವರಿಗೂ ಸ್ಕೋರ್ ಇಳಿದು ಅಮೆರಿಕದಲ್ಲಿ ದೊಡ್ಡ ಗಲಾಟೆ ಆಗಿತ್ತು.

ಮಗಳಿಗೆ ಹೇಳಿ, ಮೊದಲನೇ ಮಾಡ್ಯೂಲಲ್ಲಿ ಅವಸರದ ತಪ್ಪು ಬೇಡ, ಅಲ್ಲಿ ಜಾರಿದ್ರೆ ಸುಲಭದ ಕಡೆ ಹೋಗಿ ಆಮೇಲೆ ಎಲ್ಲಾ ಸರಿ ಮಾಡಿದ್ರೂ ಮೇಲಿನ ಸ್ಕೋರ್ ಸಿಗಲ್ಲ. ಪಕ್ಕದಲ್ಲೇ ಇರೋ ಡೆಸ್ಮೋಸ್ ಕ್ಯಾಲ್ಕ್ಯುಲೇಟರ್ ಬಳಸೋದು ರೂಢಿ ಮಾಡ್ಸಿ, ಪ್ರಾಕ್ಟೀಸಿಗೆ ಖಾನ್ ಅಕಾಡೆಮಿ ಸಾಕು. ಬೇರೆ ಕಂಪನಿ ಮಾಕ್ ಟೆಸ್ಟ್‌ಗಳ ಸ್ಕೋರ್ ನಾನಂತೂ ನೋಡೋದೇ ಬಿಟ್ಟಿದೀನಿ, ಅವರ ಪ್ರಶ್ನೆ ಕಷ್ಟ ಎಷ್ಟು ಅಂತ ಅಳೆದವರು ಯಾರು?