ಕಪ್ಪಾದ ಬೆಳ್ಳಿ ಸರ, ಮಂಕಾದ ಕೆಂಪು: ಪೆಟ್ಟಿಗೆಯನ್ನು ಹೇಗೆ ಹೊಂದಿಸುವುದು?

ಪ್ರಶ್ನೆ: «ನಮ್ಮದು ಕುಂದಾಪುರ. ಹತ್ತು ಖಾನೆಯ ವೆಲ್ವೆಟ್ ಪೆಟ್ಟಿಗೆ ಕೊಂಡು, ಆಂಟಿ ಟಾರ್ನಿಷ್ ಚೀಲಗಳನ್ನೂ ತರಿಸಿ, ಎಲ್ಲ ಒಡವೆಗಳನ್ನೂ ಒಂದೊಂದು ಚೀಲದಲ್ಲಿಟ್ಟೆ. ಮೂರು ತಿಂಗಳಲ್ಲಿ ಬೆಳ್ಳಿ ಸರ ಕಪ್ಪಾಗಿದೆ, ಕೆಂಪಿನ ನೆಕ್ಲೆಸಿನ ಎರಡು ಕಲ್ಲು ಮಂಕಾಗಿವೆ. ಮುತ್ತಿನ ಸರ, ಒನ್ ಗ್ರಾಂ ಗೋಲ್ಡ್ ಸೆಟ್ ಸದ್ಯಕ್ಕೆ ಚೆನ್ನಾಗಿವೆ. ಎಲ್ಲಿ ತಪ್ಪಿದೆ?»

ಉತ್ತರ:

ಅಕ್ಕಾ, ಮೊದಲು ಆ ಚೀಲವನ್ನೇ ಕೈಯಲ್ಲಿ ಹಿಡಿದು ನೋಡಿ. ದಾರ ಎಳೆದು ಬಾಯಿ ಕಟ್ಟುವ ಬಟ್ಟೆ ಚೀಲವೋ, ಜಿಪ್ ಇರುವ ಪ್ಲಾಸ್ಟಿಕ್ ಕವರೋ? ಬೆಳ್ಳಿಯನ್ನು ಕಪ್ಪಾಗಿಸುವುದು ಗಾಳಿಯಲ್ಲಿರುವ ಗಂಧಕದ ಅಂಶ, ಜೊತೆಗೆ ತೇವ ಸೇರಿದರೆ ಕೆಲಸ ಬೇಗ ಆಗುತ್ತದೆ. ನಿಜವಾದ ಆಂಟಿ ಟಾರ್ನಿಷ್ ಬಟ್ಟೆಯ ನೂಲಿನಲ್ಲಿ ಆ ಗಂಧಕವನ್ನು ತಾನೇ ಹಿಡಿದುಕೊಳ್ಳುವ ಪದಾರ್ಥವಿರುತ್ತದೆ. ಕೆಲವು ಬಟ್ಟೆಗಳಲ್ಲಿ ಬೆಳ್ಳಿಯದೇ ಸಣ್ಣ ಕಣಗಳಿರುತ್ತವೆ. ಆದರೆ ಆ ಹೆಸರಿನಲ್ಲಿ ಬರೀ ಮೆತ್ತನೆಯ ವೆಲ್ವೆಟ್ ಚೀಲವನ್ನೂ ಮಾರುತ್ತಾರೆ. ಅದು ಗೀರು ಬೀಳದಂತೆ ತಡೆಯುತ್ತದೆ, ಅಷ್ಟೇ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದರ ದಾರದ ಬಾಯಿ ಗಾಳಿಗೆ ತೆರೆದ ಬಾಗಿಲಿದ್ದಂತೆ.

ಇನ್ನು ಪೆಟ್ಟಿಗೆ. ಮುಚ್ಚಳ ತೆರೆದ ಕೂಡಲೇ ಅಂಟಿನ ವಾಸನೆ ಬರುತ್ತದೆಯೇ? ಬಂದರೆ ನನಗೆ ಅನುಮಾನ ಅದರ ಮೇಲೆಯೇ. ಒಳಗಿನ ಬಟ್ಟೆ, ರಟ್ಟು, ಅಂಟು ಇವುಗಳಿಂದಲೂ ಬೆಳ್ಳಿಗೆ ಆಗದ ಆವಿ ಹೊರಡಬಹುದು. ಬ್ರಿಟಿಷ್ ಮ್ಯೂಸಿಯಂನಲ್ಲಿ ಆಂಡ್ರ್ಯೂ ಆಡಿ ಎಂಬವರು 1973ರಲ್ಲಿ ಇದಕ್ಕೊಂದು ಪರೀಕ್ಷೆ ರೂಪಿಸಿದರು. ಪ್ರದರ್ಶನದ ಪೆಟ್ಟಿಗೆಗೆ ಬಳಸುವ ಬಟ್ಟೆಯ ಚೂರನ್ನು ಬೆಳ್ಳಿ, ತಾಮ್ರ, ಸೀಸದ ತುಂಡುಗಳ ಜೊತೆ ಗಾಜಿನ ಪಾತ್ರೆಯಲ್ಲಿ ಸ್ವಲ್ಪ ನೀರಿಟ್ಟು ಮುಚ್ಚಿ, 60 ಡಿಗ್ರಿ ಶಾಖದಲ್ಲಿ 28 ದಿನ ಬಿಟ್ಟು ನೋಡುವುದು. ನಮಗೆ ಅಷ್ಟೆಲ್ಲ ಬೇಡ. ಹಳೆಯ ಬೆಳ್ಳಿಯ ಕಾಲುಂಗುರಗಳನ್ನು ಚೆನ್ನಾಗಿ ಉಜ್ಜಿ, ಒಂದನ್ನು ಖಾಲಿ ಖಾನೆಯಲ್ಲಿ ಹಾಗೇ ಇಡಿ, ಇನ್ನೊಂದನ್ನು ಜಿಪ್ ಕವರಿನಲ್ಲಿ ಹಾಕಿ ಬೇರೆ ಕಪಾಟಿನಲ್ಲಿಡಿ, ಮೂರನೆಯದನ್ನು ಅದೇ ಕಪಾಟಿನಲ್ಲಿ ಕವರಿಲ್ಲದೆ ಇಡಿ. ತಿಂಗಳು ಕಳೆದು ಮೂರನ್ನೂ ಬಿಳಿ ಕಾಗದದ ಮೇಲಿಟ್ಟು ನೋಡಿ. ಖಾನೆಯದು ಮಾತ್ರ ಹಳದಿ ತಿರುಗಿದ್ದರೆ ಪೆಟ್ಟಿಗೆಯದೇ ತಪ್ಪು. ಕಪಾಟಿನಲ್ಲಿ ಕವರಿಲ್ಲದ್ದೂ ಹಳದಿಯಾಗಿದ್ದರೆ ಗಾಳಿಯ ಪಾಲೂ ಇದೆ.

ಕಪ್ಪು ಎಲ್ಲಿ ಹಿಡಿದಿದೆ ಎಂಬುದೂ ಕಾರಣ ಹೇಳುತ್ತದೆ. ಸರ ಇಡಿಯಾಗಿ ಕಂದಿದ್ದರೆ ಗಾಳಿ. ಕುತ್ತಿಗೆಯ ಹಿಂಭಾಗಕ್ಕೆ ಬರುವ ಕೊಂಡಿಗಳು ಮಾತ್ರ ಕಪ್ಪಾಗಿದ್ದರೆ ಬೆವರು ಒರೆಸದೆ ಇಟ್ಟಿರುತ್ತೀರಿ. ನಾನು ಒಮ್ಮೆ ಮಗಳ ಕಾಲ್ಗೆಜ್ಜೆಯ ಜೋಡಿ ಬೇರೆಯಾಗದಿರಲೆಂದು ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದೆ. ದೀಪಾವಳಿಗೆ ತೆಗೆದಾಗ ಉಳಿದದ್ದೆಲ್ಲ ಬೆಳ್ಳಗೆ, ರಬ್ಬರ್ ಸುತ್ತಿದ ಜಾಗದಲ್ಲಿ ಮಾತ್ರ ಪೆನ್ಸಿಲಿನಲ್ಲಿ ಎಳೆದಂತೆ ಕಪ್ಪು ಗೆರೆ. ರಬ್ಬರಿನಲ್ಲೇ ಗಂಧಕವಿರುತ್ತದೆ ಎಂದು ಆಮೇಲೆ ಅಕ್ಕಸಾಲಿಗರು ನಕ್ಕು ಹೇಳಿದರು.

ಈಗಿರುವ ಕಪ್ಪನ್ನು ತೆಗೆಯಲು, ಸರದಲ್ಲಿ ಕಲ್ಲಾಗಲಿ ಮೀನಾಕಾರಿಯಾಗಲಿ ಇಲ್ಲದಿದ್ದರೆ ಮಾತ್ರ, ಬಟ್ಟಲಿನ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅದಕ್ಕೆ ತಾಗುವಂತೆ ಸರ ಇಟ್ಟು, ಒಂದು ಚಮಚ ಅಡುಗೆ ಸೋಡಾ ಉದುರಿಸಿ ಬಿಸಿನೀರು ಸುರಿಯಿರಿ. ಕೊಳೆತ ಮೊಟ್ಟೆಯಂಥ ವಾಸನೆ ಸಣ್ಣಗೆ ಬಂದರೆ ಗಂಧಕ ಬಿಟ್ಟುಕೊಡುತ್ತಿದೆ ಎಂದರ್ಥ. ಐದು ನಿಮಿಷ ಸಾಕು. ತೊಳೆದು, ಬಟ್ಟೆಯಲ್ಲಿ ಒತ್ತಿ, ರಾತ್ರಿಯಿಡೀ ಫ್ಯಾನಿನ ಕೆಳಗೆ ಬಿಡಿ. ಮೇಲೆ ಒಣಗಿದಂತೆ ಕಂಡರೂ ಕೊಂಡಿಗಳ ಸಂದಿಯಲ್ಲಿ ನೀರು ನಿಂತಿರುತ್ತದೆ. ಅದನ್ನು ಜಿಪ್ ಕವರಿನೊಳಗೆ ಕೂಡಿಹಾಕಿದರೆ ಮೊದಲಿಗಿಂತ ಕೆಟ್ಟದು.

ಒಣಗಿದ ಮೇಲೆ ಒಂದು ಸರಕ್ಕೆ ಒಂದೇ ಕವರು. ಕೊಕ್ಕೆ ಹಾಕಿ, ಸರವನ್ನು ಉದ್ದಕ್ಕೆ ಇಳಿಬಿಟ್ಟು, ಕೊಕ್ಕೆಯ ತುದಿ ಮಾತ್ರ ಮೇಲಂಚಿನಲ್ಲಿರುವಂತೆ ಮಾಡಿ, ಗಾಳಿ ಒತ್ತಿ ತೆಗೆದು ಜಿಪ್ ಎಳೆಯಿರಿ. ಕೊಕ್ಕೆಯನ್ನು ಜಿಪ್ಪಿನ ಹೊರಗೆ ಬಿಟ್ಟರೆ ಗಂಟು ಬೀಳುವುದೇ ಇಲ್ಲ, ಚಿನ್ನದ ಸಣ್ಣ ಚೈನಿಗೆ ನಾನು ಹಾಗೇ ಮಾಡುತ್ತೇನೆ. ಬೆಳ್ಳಿಗೆ ಮಾತ್ರ ಬೇಡ, ಆ ಸಂದಿಯಿಂದ ಗಾಳಿ ಆಡುತ್ತದೆ. ಗಂಧಕ ಹೀರುವ ಕಾಗದದ ಪಟ್ಟಿ ಸಿಕ್ಕರೆ ಚಿಕ್ಕ ತುಂಡೊಂದನ್ನು ಕವರಿನೊಳಗೇ ಹಾಕಿ. ತೆರೆದ ಖಾನೆಯಲ್ಲಿಟ್ಟ ಪಟ್ಟಿ ಇಡೀ ಕೋಣೆಯ ಗಾಳಿಯನ್ನು ಶುದ್ಧ ಮಾಡಲು ಹೊರಟು ಬೇಗ ಸೋಲುತ್ತದೆ. ಮುಚ್ಚಿದ ಕವರಿನಲ್ಲಿದ್ದರೂ ಆರು ತಿಂಗಳಿಗೆ ಬದಲಿಸಿ.

ನಿಮ್ಮ ಪ್ರಶ್ನೆಗೆ ನನಗಿಂತ ಮೊದಲು ಉತ್ತರಿಸಿದ ಒಬ್ಬರು, ಕಪ್ಪಾಗದಿರಲು ಬೆಳ್ಳಿಯ ಜೊತೆ ಸೀಮೆಸುಣ್ಣ, ಕರ್ಪೂರ ಇಡಲು ಹೇಳಿದ್ದಾರೆ. ಅರ್ಧ ಸರಿ. ಸುಣ್ಣದ ಕಡ್ಡಿ ಸ್ವಲ್ಪ ತೇವ ಹೀರುತ್ತದೆ, ಆದರೆ ಅದರ ಪುಡಿ ಕೊಂಡಿಗಳೊಳಗೆ ಸೇರಿಕೊಳ್ಳುತ್ತದೆ. ಕರ್ಪೂರದ ವಿಷಯದಲ್ಲಿ ನನಗೆ ಅವರಷ್ಟು ನಂಬಿಕೆಯಿಲ್ಲ. ನಮ್ಮ ಅಜ್ಜಿ ಬೆಳ್ಳಿಯ ಪೂಜೆ ಸಾಮಾನಿನ ಜೊತೆ ಕರ್ಪೂರ ಇಡುತ್ತಿದ್ದರು, ಅದು ಕಪ್ಪಾಗಿದ್ದು ಕಡಿಮೆ. ಅದು ಕರ್ಪೂರದ ಗುಣವೋ, ಆ ಹಿತ್ತಾಳೆ ಡಬ್ಬಿಯ ಬಿಗಿ ಮುಚ್ಚಳದ ಗುಣವೋ ಎಂದು ಮನೆಯಲ್ಲಿ ಈಗಲೂ ವಾದವಿದೆ. ಕಲ್ಲಿನ ಸೆಟ್ಟು, ಮುತ್ತುಗಳ ಹತ್ತಿರ ಮಾತ್ರ ಬೇಡ.

ಕೆಂಪಿನ ನೆಕ್ಲೆಸಿನ ವಿಷಯಕ್ಕೆ ಬಂದರೆ, ಅದು ಚೀಲದಿಂದ ಸರಿಯಾಗುವ ರೋಗವಲ್ಲ. ಹಿಂಭಾಗ ಮುಚ್ಚಿದ ಕಟ್ಟಡವಾದರೆ ಕಲ್ಲಿನ ಹಿಂದೆ ಹೊಳಪಿಗಾಗಿ ತೆಳ್ಳನೆಯ ತಗಡು ಇಟ್ಟಿರುತ್ತಾರೆ, ಅರಗು ತುಂಬಿರುವುದೂ ಉಂಟು. ಬೆವರೋ ಸೆಂಟೋ ತೊಳೆದ ನೀರೋ ಅಂಚಿನಿಂದ ಒಳಗಿಳಿದರೆ ಆ ತಗಡು ಕಂದುತ್ತದೆ, ನೋಡುವವರಿಗೆ ಕಲ್ಲು ಮಂಕಾದಂತೆ ಕಾಣುತ್ತದೆ. ಒದ್ದೆ ಮಾಡದೆ, ಒಣ ಹತ್ತಿಬಟ್ಟೆಯಿಂದ ಕಲ್ಲಿನ ಮೇಲ್ಮೈ ಒರೆಸಿ ನೋಡಿ. ಹೊಳಪು ಬಂದರೆ ಮೇಲಿನ ಜಿಡ್ಡು. ಬಾರದಿದ್ದರೆ ಒಳಗಿನ ತಗಡು ಎಂದು ಬಹುತೇಕ ಹೇಳಬಹುದು. ಕಲ್ಲು ಕಟ್ಟುವವರು ಬಿಚ್ಚಿ ಮತ್ತೆ ಕೂರಿಸಬೇಕು. ಬಿಸಿನೀರು, ಸೋಡಾ, ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರ ಯಾವುದೂ ಬೇಡ. ಈ ಸೆಟ್ಟಿಗೆ ಪೆಟ್ಟಿಗೆಯ ಅತಿ ಅಗಲದ ಖಾನೆ ಕೊಡಿ. ಮೆತ್ತನೆಯ ಬಟ್ಟೆಯ ಮೇಲೆ ನೆಕ್ಲೆಸನ್ನು ಮಡಿಸದೆ ಅಂಗಾತ ಮಲಗಿಸಿ, ಓಲೆಗಳನ್ನು ಬೇರೆಯಾಗಿ ಸುತ್ತಿ. ಮಡಿಸಿದರೆ ಒಂದು ಕಲ್ಲಿನ ಅಂಚು ಇನ್ನೊಂದರ ಪಾಲಿಶ್ ಕೆರೆಯುತ್ತದೆ.

ಮುತ್ತಿನ ಸರ ಚೆನ್ನಾಗಿದೆ ಎಂದಿರಿ, ಆದರೂ ಅದು ಪ್ಲಾಸ್ಟಿಕ್ ಕವರಿನಲ್ಲಿದ್ದರೆ ಹೊರಗೆ ತೆಗೆಯಿರಿ. ಸಿಲಿಕಾ ಜೆಲ್ ಪೊಟ್ಟಣವನ್ನು ಅದರ ಪಕ್ಕದಲ್ಲಿ ಇಡಲೇಬೇಡಿ, ಅತಿಯಾಗಿ ಒಣಗಿದರೆ ಮುತ್ತು ಬಿರಿಯಬಹುದು. ಹತ್ತಿ ಬಟ್ಟೆಯಲ್ಲಿ ಸುತ್ತಿ ಅಂಗಾತ ಇಟ್ಟರೆ ಸಾಕು. ನೇತುಹಾಕಿದರೆ ದಾರ ಜಗ್ಗುತ್ತದೆ. ಒನ್ ಗ್ರಾಂ ಸೆಟ್ಟಿಗೆ ಜಿಪ್ ಕವರು ಚೆನ್ನಾಗಿಯೇ ಒಗ್ಗುತ್ತದೆ, ಆದರೆ ಬೆಳ್ಳಿ ಉಜ್ಜುವ ಬಟ್ಟೆಯನ್ನು ಅದರ ಮೇಲೆ ಆಡಿಸಬೇಡಿ. ಆ ಬಟ್ಟೆಯಲ್ಲಿ ಸಣ್ಣಗೆ ಕೆರೆಯುವ ಪುಡಿಯಿರುತ್ತದೆ, ಲೇಪದ ಚಿನ್ನವನ್ನೇ ತೆಗೆದುಬಿಡುತ್ತದೆ. ಅನೇಕರು ಇಡುವ ಬಟ್ಟೆಯನ್ನೂ ಉಜ್ಜುವ ಬಟ್ಟೆಯನ್ನೂ ಒಂದೇ ಎಂದುಕೊಳ್ಳುತ್ತಾರೆ.

ಕಾಲುಂಗುರದ ಪರೀಕ್ಷೆಯನ್ನು ಈ ವಾರವೇ ಶುರುಮಾಡಿ. ತಿಂಗಳಾದ ಮೇಲೆ ಮೂರರ ಫೋಟೊವನ್ನೂ ಇಲ್ಲೇ ಹಾಕಿ. ಅಲ್ಲಿಯವರೆಗೆ ಬೆಳ್ಳಿಯನ್ನು ಆ ವೆಲ್ವೆಟ್ ಖಾನೆಗೆ ಮರಳಿ ಇಡಬೇಡಿ.